ಉಳಿದ ಆರು ತಿಂಗಳು

ಅಕ್ಟೋಬರ್ ಮೊದಲ ವಾರ ಬಂತೆಂದರೆ ನನಗೆ ಮೈಯೆಲ್ಲ ಉರಿ. ಮಳೆ ಹಿಂದೆ ಸರಿದು ಸಾಗರದ ಪೇಟೆಯವರೆಲ್ಲ ಹಾಸಿಗೆ, ಕಂಬಳಿ ಬಿಸಿಲಿಗೆ ಹಾಕಿ ನೆಮ್ಮದಿಯಾಗಿ ಕಾಫಿ ಕುಡಿಯುವ ಹೊತ್ತಿಗೆ, ನಾನು ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕದ ಖರ್ಚನ್ನು ಹರವಿಕೊಂಡು ಕೂತಿರುತ್ತೇನೆ. ವರ್ಷದ ಶುರುವಿಗೆ ಇಷ್ಟು ಖರ್ಚಾಗುತ್ತದೆ ಎಂದು ಬರೆದುಕೊಟ್ಟಿದ್ದು ಒಂದು ಕಡೆ, ನಿಜಕ್ಕೂ ಆದದ್ದು ಇನ್ನೊಂದು ಕಡೆ, ನಡುವಿನ ವ್ಯತ್ಯಾಸಕ್ಕೆ ಕಾರಣ ಮತ್ತೊಂದು ಕಡೆ. ಕೊನೆಗೆ, ಉಳಿದ ಆರು ತಿಂಗಳಿಗೆ ಎಷ್ಟು ಬೇಕು ಎಂಬ ಹೊಸ ಅಂದಾಜು. ಇದನ್ನೆಲ್ಲ ಎರಡು ಪುಟದ ಟಿಪ್ಪಣಿ ಮಾಡಿ ದುಡ್ಡು ಕೊಡುವವರಿಗೆ ಕಳಿಸಬೇಕು. ನೋಡುವವರಿಗೆ ಎರಡೇ ಪುಟ. ಬರೆಯುವವಳ ಗೋಳು ಬರೆಯುವವಳಿಗೇ ಗೊತ್ತು.

ನಮ್ಮದು ಸಣ್ಣ ಸಂಸ್ಥೆ. ಇನ್ನು ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಕೈಬಿಟ್ಟ ರೋಗಿಗಳನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವುದು ಕೆಲಸ. ಹುಣ್ಣು ತೊಳೆದು ಕಟ್ಟುವುದು, ನೋವಿನ ಮಾತ್ರೆ ಕೊಡುವುದು, ಮನೆಯವರಿಗೆ ಮಗ್ಗುಲು ಬದಲಿಸುವುದು ಹೇಗೆಂದು ಕಲಿಸುವುದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲೂಕಿಗೆ ಮೂರು ಗಾಡಿ, ಮೂವರು ನರ್ಸ್. ಲೆಕ್ಕ ಬರೆಯಲು ನಾನೊಬ್ಬಳು. ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ದಿನವಿಡೀ ಕಬ್ಬಿಣದ ಸರಳು ಕತ್ತರಿಸುವ ಸದ್ದು, ಮೇಲೆ ನಾನು.

ಆ ವರ್ಷ ಯಡವಟ್ಟಾದದ್ದು ಹೊಸನಗರದ ಗಾಡಿಯದು. ವರ್ಷಕ್ಕೆ ಹನ್ನೆರಡು ಲಕ್ಷ ಎಂದು ಯೋಜನೆ. ಯೋಜನೆ ಮಾಡಿದ ಪುಣ್ಯಾತ್ಮರು ಅದನ್ನು ತಿಂಗಳಿಗೊಂದು ಲಕ್ಷದಂತೆ ಹನ್ನೆರಡು ಸಮಪಾಲು ಮಾಡಿಬಿಟ್ಟಿದ್ದರು. ಜುಲೈಗೂ ಒಂದು ಲಕ್ಷ, ಜನವರಿಗೂ ಒಂದು ಲಕ್ಷ. ಹೊಸನಗರ ತಾಲೂಕಿನ ಜುಲೈಯನ್ನು ಒಮ್ಮೆ ಕಣ್ಣಲ್ಲಿ ನೋಡಿದವರು ಯಾರೂ ಹಾಗೆ ಮಾಡುವುದಿಲ್ಲ. ನಿಟ್ಟೂರಿನಿಂದ ಆಚೆಗೆ ರಸ್ತೆ ಕುಸಿದರೆ ವಾರಗಟ್ಟಲೆ ಗಾಡಿ ಹೋಗುವುದಿಲ್ಲ. ಹೀಗಾಗಿ ಅರ್ಧ ವರ್ಷಕ್ಕೆ ಆರು ಲಕ್ಷ ಆಗಬೇಕಿದ್ದಲ್ಲಿ ನನ್ನ ಪುಸ್ತಕದಲ್ಲಿ ಆಗಿದ್ದದ್ದು ಮೂರು ಲಕ್ಷದ ಅರವತ್ತು ಸಾವಿರ. ಎರಡು ಲಕ್ಷದ ನಲವತ್ತು ಸಾವಿರ ಖರ್ಚೇ ಆಗಿಲ್ಲ.

ದುಡ್ಡು ಉಳಿದರೆ ಒಳ್ಳೆಯದಲ್ಲವೇ ಎಂದು ಮನೆಯಲ್ಲಿ ನನ್ನ ಅತ್ತಿಗೆ ಕೇಳಿದಳು. ಮನೆಖರ್ಚಿನಲ್ಲಿ ಒಳ್ಳೆಯದು. ಬೇರೆಯವರ ದುಡ್ಡಿನಲ್ಲಿ ನಡೆಯುವ ಕೆಲಸದಲ್ಲಿ, ಖರ್ಚಾಗದ ದುಡ್ಡು ಎಂದರೆ ನಿಮಗೆ ಬೇಕಾಗಿಲ್ಲದ ದುಡ್ಡು. ನಮಗೆ ಹಣ ಕೊಡುವ ಕಂಪನಿಯ ಕಡೆಯಿಂದ ಬೆಂಗಳೂರಿನಲ್ಲಿ ಒಬ್ಬರು ಅಧಿಕಾರಿ ಇದ್ದರು. ಅವರು ಕಳಿಸಿದ ನಮೂನೆಯಲ್ಲಿ ನಾನು ಆರು ತಿಂಗಳ ಖರ್ಚು ತುಂಬಿಸುತ್ತಿದ್ದ ಹಾಗೇ, ಉಳಿದ ಆರು ತಿಂಗಳ ಅಂಕಣ ತಾನೇ ತಾನಾಗಿ ತುಂಬಿಕೊಂಡಿತು: ಮೂರು ಲಕ್ಷದ ಅರವತ್ತು ಸಾವಿರ. ಹಿಂದಿನ ಅರ್ಧದಲ್ಲಿ ಎಷ್ಟೋ ಮುಂದಿನ ಅರ್ಧದಲ್ಲೂ ಅಷ್ಟೇ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು. ಉಳಿದ ತಿಂಗಳುಗಳ ಅಂದಾಜು ನಾಲ್ಕೂವರೆ ಲಕ್ಷಕ್ಕಿಂತ ಕಡಿಮೆ ಇದ್ದರೆ ಹೊಸನಗರದ ಗಾಡಿಯನ್ನು ನಿಲ್ಲಿಸಿ, ಸಾಗರದ ಗಾಡಿಯೇ ವಾರಕ್ಕೊಮ್ಮೆ ಆ ಕಡೆ ಹೋಗಿ ಬರುವುದು.

ವಾರಕ್ಕೊಮ್ಮೆ! ದಿನ ಬಿಟ್ಟು ದಿನ ಹುಣ್ಣು ತೊಳೆಯಬೇಕಾದವರಿಗೆ ವಾರಕ್ಕೊಮ್ಮೆ ಬರುವ ಗಾಡಿ ಎಂದರೆ ಬಾರದ ಗಾಡಿಯೇ. ನಾನು ಕುರ್ಚಿ ಹಿಂದೆ ತಳ್ಳಿ ಎದ್ದ ರಭಸಕ್ಕೆ ಅದು ಗೋಡೆಗೆ ಬಡಿಯಿತು.

ಹೊಸನಗರದ ನರ್ಸ್‌ಗೆ ಫೋನ್ ಮಾಡಿದೆ. ನಾವೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುವುದು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ, ಆದರೆ ಬೈಯುವಾಗ ಅಕ್ಕ ತಂಗಿ ಎಂದೇನೂ ನೋಡುವುದಿಲ್ಲ. ಲೆಕ್ಕ ಬರೆಯುವವರಿಗೆ ಎದೆಯೊಳಗೆ ಕ್ಯಾಲ್ಕುಲೇಟರ್ ಇರುತ್ತದೆ ಎಂದು ನನ್ನ ಎದುರಿಗೇ ಹೇಳಿದವಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಂದಳು. ಇಬ್ಬರೂ ಕೂತು ಆ ಎರಡು ಲಕ್ಷದ ನಲವತ್ತು ಸಾವಿರ ಎಲ್ಲಿ ಹೋಯಿತು ಎಂದು ಹುಡುಕಲು ಶುರುಮಾಡಿದೆವು.

ಮೊದಲಿಗೇ ಸಿಕ್ಕಿದ್ದು ಜೀಪಿನವರು. ನಮ್ಮ ಗಾಡಿ ಹೋಗದ ಕಡೆಗೆ ನಿಟ್ಟೂರಿನ ಹತ್ತಿರದವರೊಬ್ಬರ ಜೀಪನ್ನು ಬಾಡಿಗೆಗೆ ತಗೊಳ್ಳುತ್ತೇವೆ. ಮಳೆಗಾಲದಲ್ಲಿ ಸಿಸ್ಟರ್ ಹೋದದ್ದೆಲ್ಲ ಆ ಜೀಪಿನಲ್ಲೇ. ಆದರೆ ನನ್ನ ಪುಸ್ತಕದಲ್ಲಿ ಜುಲೈಯಿಂದ ಈಚೆಗೆ ಜೀಪಿನ ಬಾಡಿಗೆ ಎಂದು ಒಂದು ರೂಪಾಯಿಯೂ ಇಲ್ಲ. ಯಾಕೆಂದರೆ ಆ ಮಹಾನುಭಾವರು ಬಿಲ್ಲೇ ಕೊಟ್ಟಿರಲಿಲ್ಲ. ಅವರ ಪದ್ಧತಿ ಅದು. ಗ್ಯಾರೇಜಿನವರಿಗೂ ಅಂಗಡಿಯವರಿಗೂ ಅವರಿಗೂ ಎಲ್ಲ ಲೆಕ್ಕ ಚುಕ್ತಾ ಆಗುವುದು ದೀಪಾವಳಿಗೆ. ಅದರ ನಡುವೆ ಕೇಳಿದರೆ ಮರ್ಯಾದೆಗೆ ಕಡಿಮೆ. ಅದರಲ್ಲೂ ಸಾಯುವವರ ಮನೆಗೆ ಹೋಗಿ ಬಂದ ಬಾಡಿಗೆಯನ್ನು ತಿಂಗಳು ತಿಂಗಳು ಕೇಳುವುದೆಂದರೆ ಅವರಿಗೆ ನಾಚಿಕೆಯಂತೆ. ಅವರ ನಾಚಿಕೆಯಿಂದ ನಮ್ಮ ಗಾಡಿ ನಿಲ್ಲುವ ಹಾಗಾಗಿತ್ತು.

ಫೋನ್ ಮಾಡಿ ಕೂಗಾಡಿದೆ. ಅವರು ಶಾಂತವಾಗಿ, ಹಬ್ಬಕ್ಕೆ ಒಟ್ಟಿಗೆ ತಂದುಕೊಡ್ತೀನಿ ಮೇಡಮ್ಮೋರೆ, ನಿಮ್ಮ ದುಡ್ಡು ಎಲ್ಲಿ ಓಡಿಹೋಗ್ತದೆ ಅಂದರು. ದುಡ್ಡು ಓಡಿಹೋಗುವುದಿಲ್ಲ ಮಾರಾಯರೇ, ಗಾಡಿ ಓಡಿಹೋಗುತ್ತದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೆ ಒಂದು ಗಂಟೆಯೊಳಗೆ ಬಿಲ್ಲು ಬರೆದು ಫೋನಿಗೆ ಕಳಿಸಿದರು. ಸಿಸ್ಟರ್ ಸಹಿ ಮಾಡಿದ ಟ್ರಿಪ್‌ಶೀಟುಗಳು ಇದ್ದವು, ಒಂದೊಂದಾಗಿ ತಾಳೆ ನೋಡಿದೆ. ಎಂಬತ್ತು ಸಾವಿರ. ಕೈಯಿಂದ ಕೊಟ್ಟಿಲ್ಲದಿದ್ದರೂ ಸೆಪ್ಟೆಂಬರ್ ಒಳಗೆ ಆಗಿಹೋದ ಖರ್ಚು ಅದು, ಕೊಡಬೇಕಾದ ಬಾಕಿ ಎಂದು ಮೊದಲ ಅರ್ಧಕ್ಕೇ ಸೇರಬೇಕು. ಅಲ್ಲಿಗೆ ಖರ್ಚು ನಾಲ್ಕು ಲಕ್ಷದ ನಲವತ್ತು ಸಾವಿರಕ್ಕೆ ಏರಿತು.

ಇನ್ನು ಒಂದು ಲಕ್ಷದ ಅರವತ್ತು ಸಾವಿರಕ್ಕೆ ಕಾರಣ ಸಿಗಬೇಕಿತ್ತು. ಅದರಲ್ಲಿ ಒಂದು ಲಕ್ಷ, ರಸ್ತೆ ಇಲ್ಲದೆ ಹೋಗಲಾಗದ ಭೇಟಿಗಳದ್ದು. ಸಿಸ್ಟರ್ ಒಂದೊಂದು ದಿನವನ್ನೂ ನೆನಪಿಟ್ಟುಕೊಂಡಿದ್ದಳು, ಯಾವ ದಿನ ಎಲ್ಲಿ ಮರ ಬಿದ್ದಿತ್ತು, ಯಾವ ಹಳ್ಳದ ಕಾಲುಸಂಕ ಕೊಚ್ಚಿಹೋಗಿತ್ತು ಎಂದು. ಉಳಿದದ್ದು ಕೊನೆಯ ಅರವತ್ತು ಸಾವಿರ. ಅದು ಮಳೆಗಾಲದಲ್ಲಿ ತೀರಿಕೊಂಡವರದ್ದು. ಅವರಿಗೆಂದು ಇಟ್ಟ ಮಾತ್ರೆ, ಬ್ಯಾಂಡೇಜು, ಗಾಡಿಯ ಡೀಸೆಲ್ಲು. ಅದು ಮುಂದಕ್ಕೆ ಹೋಗುವ ಖರ್ಚಲ್ಲ, ಇನ್ನು ಯಾವತ್ತೂ ಆಗದ ಖರ್ಚು.

ನಮೂನೆಯಲ್ಲಿ ಕಾರಣ ಬರೆಯುವಂತಿಲ್ಲ, ಆರಿಸಬೇಕು. ಒತ್ತಿದರೆ ಎರಡೇ ಮಾತು ಕೆಳಗಿಳಿಯುತ್ತವೆ. ಒಂದು ‘ಮುಂದೂಡಿಕೆ’, ಇನ್ನೊಂದು ‘ಉಳಿತಾಯ’. ಹೋಗಲಾಗದ ಭೇಟಿಗಳಿಗೆ ಮುಂದೂಡಿಕೆ ಎಂದು ಒತ್ತಿದೆ. ಸತ್ತವರು ಮುಂದೂಡಿಕೆ ಅಲ್ಲವಲ್ಲ. ನಾನು ಉಳಿತಾಯ ಎಂದು ಒತ್ತಿದೆ. ಪಕ್ಕದಲ್ಲಿ ಹಸಿರು ಬಣ್ಣದ ಟಿಕ್ ಬಿತ್ತು. ಸಿಸ್ಟರ್ ಎದ್ದು ಕಿಟಕಿ ಹತ್ತಿರ ಹೋಗಿ ನಿಂತಳು. ನಾನು ಆ ಪುಟವನ್ನು ಮೇಲಕ್ಕೆ ಸರಿಸಿ ಹಸಿರು ಕಾಣದ ಹಾಗೆ ಮಾಡಿದೆ.

ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಅಧಿಕಾರಿಯ ಜೊತೆ ಮಾತಾಡಿದೆವು. ನಮ್ಮ ಕಾರ್ಯದರ್ಶಿಗಳೂ ಇದ್ದರು. ತೀರ್ಥಹಳ್ಳಿ ಕಡೆಯ ದೊಡ್ಡ ಜಮೀನುದಾರರ ಮನೆಯವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಳ್ಳೆಯ ಮನುಷ್ಯರೇ, ಆದರೆ ದುಡ್ಡು ಕೊಡುವವರ ಎದುರು ಮಾತ್ರ ಬೆನ್ನು ತಾನಾಗಿ ಬಾಗುತ್ತದೆ. ಅಧಿಕಾರಿ ಕೆಟ್ಟವರೇನಲ್ಲ. ಜೀಪಿನ ಬಾಕಿಯನ್ನು ಟ್ರಿಪ್‌ಶೀಟು ನೋಡಿ ಒಪ್ಪಿಕೊಂಡರು. ಆದರೆ ಉಳಿದ ಆರು ತಿಂಗಳ ಅಂದಾಜನ್ನು ಸುಮ್ಮನೆ ಹೆಚ್ಚಿಸಲು ಆಗುವುದಿಲ್ಲ, ಆಧಾರ ಬೇಕು ಎಂದರು. ಆಧಾರ ಎಂದರೆ ರೋಗಿಗಳ ಪಟ್ಟಿ. ಈಗ ಹೊಸನಗರದಲ್ಲಿ ಯಾರ್ಯಾರಿದ್ದಾರೆ, ಒಬ್ಬೊಬ್ಬರಿಗೆ ತಿಂಗಳಿಗೆ ಎಷ್ಟು ಭೇಟಿ, ಇನ್ನೆಷ್ಟು ತಿಂಗಳು.

ಕೊನೆಯ ಮಾತಿಗೂ ಕಾರ್ಯದರ್ಶಿಗಳು ತಲೆಯಾಡಿಸಿದರು. ಸಿಸ್ಟರ್ ಮಾತ್ರ, ಇನ್ನೆಷ್ಟು ತಿಂಗಳು ಅಂದ್ರೆ ಎಂತ ಸಾರ್ ಎಂದು ಮೆಲ್ಲಗೆ ಕೇಳಿದಳು. ಅವರು ಕೊಂಚ ತಡವರಿಸಿ, ಸೇವೆ ಬೇಕಾಗುವ ತಿಂಗಳುಗಳು ಎಂದರು.

ಕರೆ ಮುಗಿದ ಮೇಲೆ ಸಿಸ್ಟರ್ ಪಟ್ಟಿ ಎಳೆದುಕೊಂಡು ಎಲ್ಲರ ಹೆಸರಿನ ಮುಂದೆಯೂ ಸರಸರನೆ ಆರು, ಆರು, ಆರು ಎಂದು ಬರೆದಳು. ಒಬ್ಬರನ್ನೂ ಬಿಡಲಿಲ್ಲ. ಮಾರ್ಚ್ ತನಕ ಎಲ್ಲರೂ ಇರ್ತಾರೆ, ಕಳಿಸಿ ಎಂದಳು. ಕಾರ್ಯದರ್ಶಿಗಳು ತಲೆಗೆ ಕೈ ಹಚ್ಚಿ, ಎಂತ ಮಾರಾಯ್ತಿ ಇದು, ಅವರು ಹೋದ ವರ್ಷದ ಪಟ್ಟಿ ತೆಗೆದು ನೋಡಿದರೆ ನಮ್ಮ ಮುಖಕ್ಕೆ ಉಗಿಯುವುದಿಲ್ಲವೇ ಎಂದರು. ಅವರು ಹೇಳಿದ್ದು ಸರಿಯೇ. ಹೋದ ವರ್ಷ ಅಕ್ಟೋಬರ್‌ನಲ್ಲಿದ್ದವರಲ್ಲಿ ಮಾರ್ಚಿಗೆ ಅರ್ಧದಷ್ಟು ಜನ ಇರಲಿಲ್ಲ. ಆರಾರು ಬರೆದ ಕಾಗದ ಕಳಿಸಿದರೆ ಇಡೀ ಟಿಪ್ಪಣಿಯೇ ಸುಳ್ಳೆಂದು ಬದಿಗಿಡುತ್ತಾರೆ, ಜೀಪಿನ ಬಾಕಿಯೂ ಅದರ ಜೊತೆಗೆ ಹೋಗುತ್ತದೆ.

ಹಾಗಾಗಿ ಕೂತು ಬರೆದೆವು. ನಾನು ಹೆಸರು ಓದಿದೆ, ಅವಳು ತಿಂಗಳು ಹೇಳಿದಳು. ಮೂರು. ಐದು. ಒಂದು. ಆರು. ಒಬ್ಬರ ಹೆಸರಿಗೆ ಅರ್ಧ ಎಂದಳು. ಅರ್ಧ ಎಂದೇ ಬರೆದೆ. ಈ ಕೆಲಸಕ್ಕೆ ಯಾರು ಬರುತ್ತಾರೆ, ಮೊದಲು ಕೆಲಸಕ್ಕಿದ್ದ ಸಹಕಾರಿ ಸೊಸೈಟಿಯಲ್ಲೇ ಠೇವಣಿಯ ಬಡ್ಡಿ ಹಾಕಿಕೊಂಡು ಇರಬಾರದಿತ್ತೇ ಎಂದು ಆವತ್ತು ನನ್ನನ್ನು ನಾನೇ ಬೈದುಕೊಂಡೆ. ಕೊನೆಗೆ ಉಳಿದದ್ದು ನಿಟ್ಟೂರಿನಿಂದ ಒಳಗೆ ಇರುವ ಒಬ್ಬ ಹೆಂಗಸು, ನಲವತ್ತು ದಾಟಿದವಳು, ಎದೆಯಲ್ಲಿ ಒಡೆದ ಗಡ್ಡೆ. ಅವಳ ಹೆಸರು ಓದಿದಾಗ ಸಿಸ್ಟರ್ ನನ್ನ ಪೆನ್ನನ್ನು ತಡೆದಳು. ನಾಳೆ ಅಲ್ಲಿಗೆ ಹೋಗಬೇಕು, ನೀವೇ ಬಂದು ನೋಡಿ ಬರೆಯಿರಿ ಎಂದಳು.

ಕೂಡಿಸಿದೆ. ಆ ಹೆಂಗಸನ್ನು ಬಿಟ್ಟು ಮೂರು ಲಕ್ಷದ ಎಪ್ಪತ್ತೈದು ಸಾವಿರ. ಅವಳಿಗೆ ಆರು ತಿಂಗಳು ಹಾಕಿದರೂ ನಾಲ್ಕೂವರೆ ಲಕ್ಷ ಮುಟ್ಟುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ ರೋಗಿಗಳಿಗಿಂತ ಅವರ ಪಟ್ಟಿಯೇ ನನ್ನ ತಲೆಯ ಮೇಲೆ ಕೂತಿತ್ತು.

ಮರುದಿನ ಹೋದೆ. ಹೊಸನಗರದ ತನಕ ಬಸ್ಸು, ಅಲ್ಲಿಂದ ನಮ್ಮ ಗಾಡಿ, ಕೊನೆಗೆ ನಾಚಿಕೆಯ ಜೀಪು. ಮನೆ ಎಂದರೆ ಎರಡು ಕೋಣೆ, ಮೇಲೆ ಶೀಟು, ಎದುರು ಹಾಲು ತುಂಬಿದ ಭತ್ತದ ಗದ್ದೆ. ಅವರ ಹಿರಿಯರು ಗೇಣಿಗೆ ಮಾಡುತ್ತಿದ್ದ ಗದ್ದೆ, ಈಗ ಅವರದೇ ಹೆಸರಿನಲ್ಲಿದೆ. ಗಂಡ ಒಲೆಯ ಮುಂದೆ ಗಂಜಿ ಕಾಸುತ್ತಿದ್ದ. ನಮ್ಮನ್ನು ಕಂಡವನೇ ಜಗಲಿಗೆ ಚಾಪೆ ಹಾಸಿ ಬಿಸಿನೀರು ತಂದಿಟ್ಟ. ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಿಸ್ಟರ್ ಕಟ್ಟು ಬಿಚ್ಚಿದಾಗ ಬಂದ ವಾಸನೆಗೆ ನಾನು ಅಂಗಳಕ್ಕೆ ಓಡಿಬಂದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬ್ಯಾಂಡೇಜಿಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಪೈಸೆಯ ಲೆಕ್ಕ ಹೇಳಬಲ್ಲೆ, ಆ ಬ್ಯಾಂಡೇಜಿನ ಕೆಳಗೆ ಏನಿದೆ ಎಂದು ನೋಡಿದ್ದು ಅದೇ ಮೊದಲು. ಎರಡು ದಿನ ತಪ್ಪಿದರೆ ಹುಳ ಬೀಳುತ್ತವೆ, ಜುಲೈಯಲ್ಲಿ ಹಾಗೇ ಆಗಿತ್ತು ಎಂದು ಗಂಡ ಅಂಗಳದಲ್ಲಿ ನನ್ನ ಪಕ್ಕ ನಿಂತು ಹೇಳಿದ. ರಸ್ತೆ ಇಲ್ಲದ ವಾರ ಅವನೇ ಚಿಮಟದಿಂದ ತೆಗೆದನಂತೆ. ನನ್ನ ಕಾಗದದಲ್ಲಿ ಆ ವಾರ ಮುಂದೂಡಿಕೆ ಎಂದು ಇತ್ತು.

ಒಳಗಿನಿಂದ ಅವಳೇ ಕರೆದಳು. ಹೊಸ ಕಟ್ಟಿನ ಮೇಲೆ ತೊಳೆದ ಸೀರೆಯ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಕಾಯಿಲೆಗೆ ಮೊದಲು ಊರಿನ ಹೆಂಗಸರ ಸಂಘದ ಪುಸ್ತಕ ಬರೆಯುತ್ತಿದ್ದವಳು. ನಾನು ಸಾಗರದ ಆಫೀಸಿನಿಂದ ಬಂದವಳು, ಲೆಕ್ಕದವಳು ಎಂದು ಗೊತ್ತಾದ ಮೇಲೆ ಅವಳ ಕಣ್ಣು ನನ್ನ ಚೀಲದ ಮೇಲೇ ಇತ್ತು. ಮಳೆ, ಗದ್ದೆ, ಬಸ್ಸು ಎಂದು ನಾನು ಏನೇನೋ ಮಾತು ತೆಗೆದೆ. ಅವಳು ಎಲ್ಲಕ್ಕೂ ಹೂಂಗುಟ್ಟಿದಳು, ಆಮೇಲೆ ಕೇಳಿದಳು.

“ನಂಗೆ ಎಷ್ಟ್ ತಿಂಗ್ಳು ಬರ್ದೀರಿ?”

ನಾನು ಚೀಲವನ್ನು ಹಿಂದಕ್ಕೆ ಸರಿಸಿದೆ. ಸಿಸ್ಟರ್ ಬಕೆಟ್ ಎತ್ತಿಕೊಂಡು ಹೊರಗೆ ನಡೆದಳು. ಹಾಗೇನೂ ಇಲ್ಲ ಕಣಮ್ಮ, ಇದು ಸುಮ್ಮನೆ ಖರ್ಚಿನ ಅಂದಾಜು ಎಂದೆ. ಅವಳು ನಕ್ಕಳು, ನಗುವಾಗ ನೋವಾಗಿ ಮುಖ ಹಿಂಡಿದಳು. ಸಂಘದ ಅಂದಾಜು ಪಟ್ಟಿ ಬರೆದವಳಿಗೆ ನೀವು ಹೇಳಿಕೊಡ್ತೀರಾ ಎಂದಳು. ಗಾಡಿ ನಿಲ್ಲಬಹುದು, ಅದಕ್ಕೇ ತಿಂಗಳಿನ ಪಟ್ಟಿ ಆಗುತ್ತಿದೆ ಎಂಬುದು ಸಿಸ್ಟರ್‌ನಿಂದ ಜೀಪಿನವರಿಗೆ, ಅವರ ಬಾಯಿಂದ ಅವಳಿಗಾಗಲೇ ತಲುಪಿತ್ತು.

“ಮಾರ್ಚ್ ತಂಕ ಬರೀರಿ ಅಕ್ಕ. ನಾ ಇರಲ್ಲ, ನಂಗೊತ್ತು. ನಾ ಹೋದ್ರೆ ಇನ್ಯಾರಾದ್ರೂ ಬಿದ್ದೇ ಬೀಳ್ತಾರೆ. ಈ ಊರಲ್ಲಿ ನಾನೇ ಕಡೇಳಾ? ಗಾಡಿ ಬರ್ತಾ ಇರ್ಲಿ.”

ಗಂಡ ಬಾಗಿಲಲ್ಲಿ ಗಂಜಿಯ ಲೋಟ ಹಿಡಿದು ನಿಂತಿದ್ದ. ಅವನಿಗೂ ಕೇಳಿಸಿತು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲಲ್ಲ. ಒಬ್ಬ ಹೆಂಗಸು ತನ್ನ ಗಾಯ ತೊಳೆಸಿಕೊಳ್ಳಲು ತನ್ನ ಆಯಸ್ಸನ್ನು ಸುಳ್ಳು ಬರೆಯಿರಿ ಎಂದು ಕೇಳಬೇಕಾದ ನಮೂನೆಯನ್ನು ಮಾಡಿದವರ ಮೇಲೆ, ಅದನ್ನು ಬಾಯಿಮುಚ್ಚಿಕೊಂಡು ತುಂಬಿಸುತ್ತಿದ್ದ ನನ್ನ ಮೇಲೆ.

ವಾಪಸ್ ಬರುವಾಗ ಜೀಪಿನಲ್ಲಿ ಅವಳ ಮಾತೇ ಕಿವಿಯಲ್ಲಿತ್ತು. ಇನ್ಯಾರಾದ್ರೂ ಬಿದ್ದೇ ಬೀಳ್ತಾರೆ. ಹೊಸನಗರ ದಾಟಿ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ನಾವು ಪಟ್ಟಿಯಲ್ಲಿರುವವರನ್ನು ಮಾತ್ರ ಎಣಿಸುತ್ತಿದ್ದೆವು. ಪಟ್ಟಿಗೆ ಇನ್ನೂ ಬಾರದವರಿಗೆ ನಮೂನೆಯಲ್ಲಿ ಸಾಲೇ ಇಲ್ಲ. ಸೆಪ್ಟೆಂಬರ್ ಮೂವತ್ತಕ್ಕೆ ಇದ್ದವರು ಒಬ್ಬೊಬ್ಬರೇ ಹೋಗಿ ಮಾರ್ಚಿಗೆ ಗಾಡಿ ಖಾಲಿಯಾಗುತ್ತದೆ ಎಂದು ಆ ಕಾಗದ ಹೇಳುತ್ತದೆ. ಯಾವ ವರ್ಷ ಹಾಗೆ ಖಾಲಿಯಾಗಿದೆ? ಮಳೆಗಾಲದಲ್ಲಿ ಹೊಸಬರು ಬರುವುದು ಕಡಿಮೆ, ನಿಜ. ಕಾಯಿಲೆ ಇಲ್ಲವೆಂದಲ್ಲ, ಹೊತ್ತುಕೊಂಡು ಬರಲು ದಾರಿ ಇಲ್ಲವೆಂದು. ಮಳೆ ಬಿಟ್ಟು ದಾರಿ ಒಣಗಿದ ಮೇಲೆಯೇ ಜನ ಆಸ್ಪತ್ರೆಗೆ ಹೋಗುವುದು, ತಪಾಸಣೆ ಆಗುವುದು, ಇನ್ನು ಏನೂ ಮಾಡಲಾಗುವುದಿಲ್ಲ ಎಂದು ಹೇಳಿಸಿಕೊಂಡು ನಮ್ಮ ಬಾಗಿಲಿಗೆ ಬರುವುದು.

ಆಫೀಸಿಗೆ ಬಂದು ಹಿಂದಿನ ಮೂರು ವರ್ಷದ ದಾಖಲಾತಿ ತೆಗೆದೆ. ಅಕ್ಟೋಬರ್‌ನಿಂದ ಮಾರ್ಚ್ ತನಕ ಹೊಸನಗರದಲ್ಲಿ ಹೊಸದಾಗಿ ಸೇರಿದವರು ಒಂದು ವರ್ಷ ಹತ್ತು, ಒಂದು ವರ್ಷ ಹನ್ನೆರಡು, ಒಂದು ವರ್ಷ ಹನ್ನೊಂದು. ಸರಾಸರಿ ಹನ್ನೊಂದು. ಒಬ್ಬೊಬ್ಬರು ಸೇರಿದ ತಿಂಗಳಿನಿಂದ ಆಗಿದ್ದ ಖರ್ಚಿನ ಸರಾಸರಿ ತೆಗೆದು ಗುಣಿಸಿದೆ. ಒಂದು ಲಕ್ಷದ ಎಪ್ಪತ್ತು ಸಾವಿರ ಬಂತು. ನಮೂನೆಯ ಕೊನೆಯಲ್ಲಿ ನಾನೇ ಒಂದು ಸಾಲು ಸೇರಿಸಿ ‘ಹೊಸಬರು’ ಎಂದು ಬರೆದೆ.

ಆ ಹೆಂಗಸಿನ ಹೆಸರಿನ ಎದುರು ಆರು ಬರೆಯಲಿಲ್ಲ. ಸಿಸ್ಟರ್‌ಗೆ ಫೋನ್ ಮಾಡಿ ಕೇಳಿದೆ. ಎರಡು ಎಂದಳು. ಎರಡು ಬರೆದೆ. ಅವಳದ್ದು ಹದಿನೈದು ಸಾವಿರ. ಈಗಿರುವವರದ್ದು ಮೂರು ಲಕ್ಷದ ತೊಂಬತ್ತು ಸಾವಿರ, ಹೊಸಬರದ್ದು ಒಂದು ಎಪ್ಪತ್ತು, ಒಟ್ಟು ಐದು ಲಕ್ಷದ ಅರವತ್ತು ಸಾವಿರ. ಮೊದಲ ಅರ್ಧದ ನಾಲ್ಕು ನಲವತ್ತು ಸೇರಿ ವರ್ಷಕ್ಕೆ ಹತ್ತು ಲಕ್ಷ. ಹನ್ನೆರಡರಲ್ಲಿ ಎರಡು ಲಕ್ಷ ನಮಗೆ ಬೇಡ, ವಾಪಸ್ ತಗೊಳ್ಳಿ ಎಂದೂ ಬರೆದೆ. ಕಾರ್ಯದರ್ಶಿಗಳು ಅದನ್ನು ನೋಡಿ ಬೆಚ್ಚಿಬಿದ್ದರು, ಕೈಗೆ ಬಂದ ದುಡ್ಡನ್ನು ಯಾರಾದರೂ ಬೇಡ ಅಂತಾರಾ ಎಂದರು. ಬೇಡದ್ದನ್ನು ಬೇಡ ಎಂದರೆ ಬೇಕಾದದ್ದನ್ನು ಬೇಕು ಎಂದಾಗ ನಂಬುತ್ತಾರೆ ಎಂದೆ. ಅವರು ಗೊಣಗುತ್ತಲೇ ಸಹಿ ಹಾಕಿದರು.

ಅಧಿಕಾರಿ ಹೊಸಬರ ಸಾಲನ್ನು ಸುಲಭಕ್ಕೆ ಒಪ್ಪಲಿಲ್ಲ. ಹೆಸರಿಲ್ಲದ ರೋಗಿಗೆ ಹಣ ಇಡುವುದು ಹೇಗೆ ಎಂದು ಕೇಳಿದರು. ಆವತ್ತು ಕಾರ್ಯದರ್ಶಿಗಳು ಪಕ್ಕದಲ್ಲಿ ಕೆಮ್ಮುತ್ತಿದ್ದರೂ ನಾನು ಬಿಡಲಿಲ್ಲ.

“ಹೆಸರಿಲ್ಲ ಸಾರ್, ಆದರೆ ಅವರು ಈಗಲೇ ಇದ್ದಾರೆ. ಯಾವುದೋ ಮನೆಯಲ್ಲಿ ಹೊಟ್ಟೆನೋವು ಅಂತ ಕಷಾಯ ಕುಡೀತಾ ಕೂತಿದ್ದಾರೆ. ದಾರಿ ಒಣಗಲಿ ಅಂತ ಕಾಯ್ತಿದ್ದಾರೆ ಅಷ್ಟೇ.”

ಅವರು ಮೂರು ವರ್ಷದ ಪಟ್ಟಿ ಕಳಿಸಿ ಎಂದರು. ಕಳಿಸಿದೆ. ಅದಾದ ಮೇಲೆ ನಮಗೆ ಕಾಯುವುದೊಂದೇ ಕೆಲಸ. ಫೋನ್ ಬಡಿದರೆ ಓಡಿಹೋಗಿ ಎತ್ತುತ್ತಿದ್ದೆ. ಸಿಸ್ಟರ್ ದಿನಾ ಸಂಜೆ ಗಾಡಿಯಿಂದ ಇಳಿದು ಫೋನ್ ಮಾಡಿ, ಬಂತಾ ಅಕ್ಕ ಎಂದು ಕೇಳುವಳು, ಇಲ್ಲ ಎನ್ನುವೆ, ಆಯ್ತು ಎಂದು ಇಡುವಳು. ದೀಪಾವಳಿಗೆ ಸ್ವಲ್ಪ ಮುಂಚೆ ಒಪ್ಪಿಗೆ ಬಂತು. ಐದು ಲಕ್ಷದ ಅರವತ್ತು ಸಾವಿರ ಪೂರ್ತಿ. ಗಾಡಿ ಮಾರ್ಚ್ ತನಕ ನಿಲ್ಲುವುದಿಲ್ಲ. ನಾನು ಕೆಳಗಿನ ಅಂಗಡಿಯವರಿಗೂ ಸೇರಿಸಿ ಕಾಫಿ ತರಿಸಿದೆ.

ನಿಟ್ಟೂರಿನಾಚೆಯ ಹೆಂಗಸಿಗೆ ಸಿಸ್ಟರ್ ಈ ಸುದ್ದಿ ಹೇಳಿದಳಂತೆ. ಅವಳು, ನಂಗೆ ಎಷ್ಟ್ ಬರ್ದ್ರು ಎಂದು ಮತ್ತೆ ಕೇಳಿದಳಂತೆ. ಸಿಸ್ಟರ್ ಆರು ಎಂದಳು. ಅದು ಒಳ್ಳೆಯ ಸುಳ್ಳು, ಅದನ್ನು ಹೇಳಲು ನನ್ನಿಂದಾಗುತ್ತಿರಲಿಲ್ಲ. ನವೆಂಬರ್ ಕೊನೆಗೆ ಅವಳು ತೀರಿಕೊಂಡಳು. ನಾವು ಬರೆದ ಎರಡು ತಿಂಗಳಿಗೆ ಸರಿಯಾಗಿ. ಕೊನೆಯ ವಾರದವರೆಗೂ ದಿನ ಬಿಟ್ಟು ದಿನ ಹುಣ್ಣು ತೊಳೆದಾಗಿತ್ತು, ಮತ್ತೆ ಹುಳ ಬೀಳಲಿಲ್ಲ. ಗಂಡ ನಮ್ಮ ಸಿಸ್ಟರ್ ಕೈ ಹಿಡಿದುಕೊಂಡು ಅದೊಂದನ್ನೇ ಹೇಳಿದನಂತೆ.

ಅವಳು ಹೋದ ಮೇಲೂ ಗಾಡಿ ಆ ದಾರಿಯಲ್ಲಿ ಹೋಗುತ್ತಲೇ ಇತ್ತು. ಡಿಸೆಂಬರ್‌ನಲ್ಲಿ ಅದೇ ಊರಿನ ಮೇಲಿನ ಕೇರಿಯಿಂದ ಒಬ್ಬ ಗಂಡಸು ಪಟ್ಟಿಗೆ ಸೇರಿದ. ಆಮೇಲೆ ಜೋಗದ ವಿದ್ಯುತ್ ಕೆಲಸದಿಂದ ನಿವೃತ್ತರಾಗಿ ಹೊಸನಗರದ ಮಗಳ ಮನೆಗೆ ಬಂದು ಬಿದ್ದಿದ್ದ ಒಬ್ಬರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಹೊಸ ಹೆಸರು ಬಂದಾಗಲೆಲ್ಲ ನಾನು ನನ್ನ ಸಾಲಿನ ಎದುರು ಒಂದು ಗೆರೆ ಎಳೆಯುತ್ತಿದ್ದೆ. ನಿಜ ಹೇಳುತ್ತೇನೆ, ಜನವರಿಯಲ್ಲಿ ಎರಡು ವಾರ ಯಾರೂ ಬರದಿದ್ದಾಗ ನನಗೆ ಚಿಂತೆಯಾಯಿತು. ಅಂದಾಜು ತಪ್ಪಿದರೆ ಮುಂದಿನ ವರ್ಷ ಈ ಸಾಲನ್ನು ಒಪ್ಪುತ್ತಾರೋ ಇಲ್ಲವೋ ಎಂದು. ಆ ಚಿಂತೆ ಎಂಥದ್ದೆಂದು ನನಗೇ ಹೊಳೆದಾಗ ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡೆ. ಫೆಬ್ರವರಿಯಲ್ಲಿ ಒಟ್ಟಿಗೇ ಬಂದರು.

ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಮುಚ್ಚಿದಾಗ ಹೊಸಬರ ಸಾಲಿನಲ್ಲಿ ಹನ್ನೊಂದು ಗೆರೆ ಇದ್ದವು. ಖರ್ಚು ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೆ ಕೆಲವೇ ನೂರು ರೂಪಾಯಿ ಹೆಚ್ಚುಕಮ್ಮಿ. ಬೆಂಗಳೂರಿನಿಂದ ಅಧಿಕಾರಿಯ ಪತ್ರ ಬಂತು. ಇಷ್ಟು ಸರಿಯಾದ ಮರು ಅಂದಾಜನ್ನು ಬೇರೆ ಯಾವ ಸಂಸ್ಥೆಯೂ ಕೊಟ್ಟಿಲ್ಲ, ಮುಂದಿನ ವರ್ಷದಿಂದ ಆ ಸಾಲನ್ನು ನಮೂನೆಯಲ್ಲೇ ಸೇರಿಸುತ್ತೇವೆ ಎಂದಿತ್ತು. ಕಾರ್ಯದರ್ಶಿಗಳು ಅದನ್ನು ಎಲ್ಲರಿಗೂ ಓದಿ ಹೇಳಿದರು, ಪೇಟೆಯಿಂದ ಜಹಾಂಗೀರ್ ತರಿಸಿದರು. ನನ್ನ ಕೆಲಸವನ್ನು ಯಾರಾದರೂ ಹೊಗಳಿದ್ದು ಅಪರೂಪ, ಇಲ್ಲ ಎನ್ನುವುದಿಲ್ಲ, ಒಳಗೊಳಗೆ ಹಿಗ್ಗಿದೆ.

ಸಿಸ್ಟರ್ ಜಹಾಂಗೀರ್ ತಿನ್ನಲಿಲ್ಲ. ಮುಂದಿನ ಆರು ತಿಂಗಳಿಗೆ ಬೇಕಾದ ಬ್ಯಾಂಡೇಜಿನ ಕಟ್ಟುಗಳನ್ನು ಎಣಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ತುಂಬಿಕೊಂಡು, ಮೆಟ್ಟಿಲ ಹತ್ತಿರ ಹೋದವಳು ತಿರುಗಿ ನಿಂತಳು.

“ಒಂದ್ ವರ್ಷನಾದ್ರೂ ನಿಮ್ ಲೆಕ್ಕ ತಪ್ಲಿ ಅಕ್ಕ,” ಎಂದು ಹೇಳಿ ಬಸ್ಸಿಗೆ ಇಳಿದುಹೋದಳು.